ಮಳೆಯಲ್ಲಿ ಖಾಲಿ ಬಸ್ ಸ್ಟಾಪು: ಒಂದೇ ಫೋಟೋದಿಂದ ಮಕ್ಕಳ ಕಥೆ ಬರೆಯುವುದು ಹೇಗೆ

ಶಿರಸಿಯಲ್ಲಿ ನಾವು ಕೆಲವರು ರಜೆಯ ದಿನ ಸೇರಿ ಮಕ್ಕಳಿಗಾಗಿ ಕಥೆ ಬರೆಯುತ್ತೇವೆ. ಮೇಷ್ಟ್ರುಗಳಿದ್ದಾರೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರಿದ್ದಾರೆ, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಕೂಡ ಇದ್ದಾರೆ. ಅಲ್ಲಿ ನಾನು ಕೊಡುವ ಒಂದು ಫೋಟೋದಲ್ಲಿ ಎಲ್ಲರೂ ಎಡವುತ್ತಾರೆ. ಶಿರಸಿಯಿಂದ ಕುಮಟೆಗೆ ಹೋಗುವ ರಸ್ತೆ, ದೇವಿಮನೆ ಘಟ್ಟ ಶುರುವಾಗುವ ಮೊದಲು ಒಂದು ಬಸ್ ಸ್ಟಾಪು, ಜೋರು ಮಳೆ. ಸ್ಟಾಪಿನಲ್ಲಿ ಯಾರೂ ಇಲ್ಲ. ಅಷ್ಟೇ ಫೋಟೋ.

ಬರೆದು ತಂದದ್ದು ಮೂರೇ ಬಗೆಯಲ್ಲಿ ಇರುತ್ತದೆ. ಒಂದು, ಎರಡು ಪುಟ ಮಳೆಯ ವರ್ಣನೆ, ಕೊನೆಗೆ ‘ಆ ದಿನಗಳು ಮತ್ತೆ ಬರಲಾರವು’. ಎರಡು, ದೆವ್ವ. ಮೂರು, ಮಳೆಯಲ್ಲಿ ನೆನೆದ ಹುಡುಗನಿಗೆ ಯಾರೋ ಕೊಡೆ ಕೊಟ್ಟು ‘ಪರೋಪಕಾರ ಮಾಡಬೇಕು’ ಎಂದು ಹೇಳಿ ಹೋಗುವುದು. ಏಳು ವರ್ಷದ ಮಗು ಮೂರನ್ನೂ ಅರ್ಧಕ್ಕೇ ಬಿಟ್ಟು ಏಳುತ್ತದೆ.

ಬರೆದವರಿಗೆ ಭಾಷೆ ಬರುವುದಿಲ್ಲ ಅಂತಲ್ಲ. ಅವರು ಕೆಲಸದ ಕ್ರಮ ತಪ್ಪಿಸಿರುತ್ತಾರೆ. ಫೋಟೋ ನೋಡಿದ ಕೂಡಲೇ ತಮ್ಮ ಮನಸ್ಸಿಗೆ ಏನನ್ನಿಸಿತೋ ಅದನ್ನು ಬರೆಯಲು ಹೊರಡುತ್ತಾರೆ. ಫೋಟೋದಲ್ಲಿ ಏನಿದೆ ಎಂದು ನೋಡಿಯೇ ಇರುವುದಿಲ್ಲ. ಆ ಕ್ರಮವನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ. ಇದೇ ಫೋಟೋ ಇಟ್ಟುಕೊಂಡು, ಆರರಿಂದ ಎಂಟು ವರ್ಷದ ಮಕ್ಕಳಿಗೆ ಓದಿ ಹೇಳುವ ಒಂದು ಪುಟ್ಟ ಕಥೆಯನ್ನು ಕೊನೆಯವರೆಗೂ ಕಟ್ಟಿ ತೋರಿಸುತ್ತೇನೆ.

## ಬೇಕಾಗುವ ಸಾಮಾನು

ಫೋಟೋವನ್ನು ಪೋಸ್ಟ್‌ಕಾರ್ಡಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಫೋನಿನಲ್ಲಿ ಹಿಗ್ಗಿಸಿ ನೋಡುವುದೂ ಬೇಕು, ಆದರೆ ಫೋನಿನಲ್ಲಿ ಒಂದು ಮೂಲೆ ಕಂಡರೆ ಇನ್ನೊಂದು ಮರೆಯಾಗುತ್ತದೆ. ಪೂರ್ತಿ ಚಿತ್ರ ಕಣ್ಣ ಮುಂದೆ ಬಿದ್ದುಕೊಂಡಿರಬೇಕು. ಒಂದು ಪೆನ್ಸಿಲ್, ನಾಲ್ಕು ಹಾಳೆ, ಒಂದು ಗಡಿಯಾರ. ಕೊನೆಯ ಹಂತಕ್ಕೆ ಒಂದು ಮಗು. ನಿಮ್ಮ ಸ್ವಂತ ಮಗು ಬೇಡ, ಅದು ನಿಮ್ಮ ಮುಖ ನೋಡಿ ನಗುತ್ತದೆ. ಪಕ್ಕದ ಮನೆಯದಾದರೆ ಒಳ್ಳೆಯದು.

## ಹಂತ 1: ಹತ್ತು ನಿಮಿಷ ಬರೀ ಪಟ್ಟಿ ಮಾಡಿ

ಗಡಿಯಾರ ನೋಡಿ ಹತ್ತು ನಿಮಿಷ ಇಟ್ಟುಕೊಳ್ಳಿ. ಫೋಟೋದಲ್ಲಿ ಕಣ್ಣಿಗೆ ಕಾಣುವ ವಸ್ತುಗಳ ಹೆಸರು ಮಾತ್ರ ಬರೆಯಿರಿ. ವಾಕ್ಯ ಬೇಡ.

ಮೊದಲ ಮೂರು ನಿಮಿಷದಲ್ಲಿ ಎಲ್ಲರೂ ಬರೆಯುವುದು ಒಂದೇ: ಮಳೆ, ರಸ್ತೆ, ಮರ, ಬಸ್ ಸ್ಟಾಪು. ಆಮೇಲೆ ಏನೂ ಇಲ್ಲ ಅನ್ನಿಸುತ್ತದೆ. ಹೆಚ್ಚಿನವರು ಪೆನ್ಸಿಲ್ ಕೆಳಗಿಡುವುದು ಅಲ್ಲೇ. ಇಡಬೇಡಿ. ಬೇಸರ ಬಂದ ಮೇಲೆಯೇ ಕಣ್ಣು ಕೆಲಸ ಶುರು ಮಾಡುವುದು. ನನ್ನ ಪಟ್ಟಿ ಆರನೇ ನಿಮಿಷದ ಹೊತ್ತಿಗೆ ಹೀಗಿತ್ತು: ಚಿರೆಕಲ್ಲಿನ ಗೋಡೆ, ಅದರ ಬುಡಕ್ಕೆ ಹಸಿರು ಪಾಚಿ. ತಗಡಿನ ಮಾಡು, ಅಂಚಿನಿಂದ ನೀರಿನ ಎಳೆಗಳು. ಗೋಡೆಗೆ ಅಂಟಿಸಿದ ಅರ್ಧ ಹರಿದ ಯಕ್ಷಗಾನದ ಪೋಸ್ಟರು. ಸಿಮೆಂಟಿನ ಕಟ್ಟೆ. ಕಟ್ಟೆ ಒದ್ದೆ. ಕಟ್ಟೆಯ ಬಲಗಡೆ ಮಾತ್ರ ಮೊಟ್ಟೆಯ ಆಕಾರದಲ್ಲಿ, ಸುಮಾರು ಎರಡು ಗೇಣು ಉದ್ದದ ಒಂದು ಒಣ ಜಾಗ.

ಆ ಕೊನೆಯದನ್ನು ನಾನು ಫೋಟೋ ತೆಗೆದ ದಿನ ನೋಡಿಯೇ ಇರಲಿಲ್ಲ.

ತಪ್ಪು ದಾರಿ ಹಿಡಿದಿದ್ದೀರಿ ಎಂದು ತಿಳಿಯುವುದು ಸುಲಭ. ಪಟ್ಟಿಯಲ್ಲಿ ‘ಒಂಟಿತನ’, ‘ಮೌನ’, ‘ಕಾಯುವಿಕೆ’ ಅಂತ ಏನಾದರೂ ಬಂದಿದ್ದರೆ ಹೊಡೆದು ಹಾಕಿ. ಅವು ಫೋಟೋದಲ್ಲಿಲ್ಲ, ನಿಮ್ಮಲ್ಲಿವೆ. ಮಗುವಿಗೆ ಖಾಲಿ ಬಸ್ ಸ್ಟಾಪು ಕಂಡರೆ ಬೇಜಾರಾಗುವುದಿಲ್ಲ. ಅದಕ್ಕೆ ಅದು ಓಡಾಡಲು ಸಿಕ್ಕ ಜಾಗ.

## ಹಂತ 2: ಹೊಂದದ ಒಂದನ್ನು ಹಿಡಿಯಿರಿ

ಪಟ್ಟಿಯನ್ನು ಮತ್ತೆ ಓದಿ. ಉಳಿದದ್ದರ ಜೊತೆ ಹೊಂದದ ವಸ್ತು ಯಾವುದು? ಮಳೆಗಾಲದಲ್ಲಿ ಪಾಚಿ ಇರುವುದು ಸಹಜ. ಪೋಸ್ಟರು ಹರಿದಿರುವುದೂ ಸಹಜ. ಒದ್ದೆ ಕಟ್ಟೆಯ ಮೇಲೆ ಒಣ ಜಾಗ ಸಹಜವಲ್ಲ. ಹೇಗೆ ಬಂತು ಎಂಬ ಪ್ರಶ್ನೆ ಅಲ್ಲೇ ಕೂತಿದೆ.

ಇಲ್ಲಿ ಅವಸರ ಮಾಡಬೇಡಿ. ಆ ಪ್ರಶ್ನೆಗೆ ಮೊದಲು ಪತ್ತೇದಾರನ ಹಾಗೆ ಉತ್ತರ ಹುಡುಕಿ. ಕಥೆಗಾರನ ಕೆಲಸ ಆಮೇಲೆ. ನಮ್ಮ ಕಡೆ ಮಳೆಗಾಳಿ ಬೀಸುವುದು ನೈಋತ್ಯದಿಂದ. ಆ ದಿಕ್ಕಿಗೆ ಬಾಯಿ ತೆರೆದ ಬಸ್ ಸ್ಟಾಪಿನಲ್ಲಿ ಮಾಡು ಇದ್ದರೂ ಎರಚಲು ಒಳಗೆ ಹೊಡೆಯುತ್ತದೆ. ಕಟ್ಟೆ ಒದ್ದೆಯಾದದ್ದು ಹಾಗೆ. ಒಂದು ಜಾಗ ಒಣಗಿ ಉಳಿದಿದೆ ಅಂದರೆ ಅಲ್ಲಿ ಏನೋ ಇತ್ತು. ಮಳೆ ಶುರುವಾಗುವ ಮೊದಲೇ ಇತ್ತು, ಯಾಕೆಂದರೆ ಮಳೆಯಲ್ಲಿ ಹೊತ್ತು ತಂದು ಇಟ್ಟಿದ್ದರೆ ಅಡಿಯೂ ಒದ್ದೆಯಾಗುತ್ತಿತ್ತು. ಮತ್ತೆ ಅದನ್ನು ಎತ್ತಿ ಬಹಳ ಹೊತ್ತಾಗಿಲ್ಲ. ಆಗಿದ್ದರೆ ಎರಚಲು ಆ ಜಾಗವನ್ನೂ ನುಂಗಿರುತ್ತಿತ್ತು.

ಇನ್ನೂ ಒಂದು. ಒಣ ಜಾಗ ಒಂದೇ ಇದೆ. ಹಾಗಾದರೆ ಅದರ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ವಸ್ತು ಕೂತಿತ್ತು, ಮನುಷ್ಯರು ನಿಂತಿದ್ದರು! ಇಷ್ಟು ಸಿಕ್ಕಿದಾಗ ನನಗೆ ನಗು ಬಂತು. ನಗು ಬಂದರೆ ಕಥೆ ಹತ್ತಿರದಲ್ಲಿದೆ ಎಂದು ಅರ್ಥ.

ನಿಮ್ಮ ಫೋಟೋದಲ್ಲಿ ಒಣ ಜಾಗ ಇರುವುದಿಲ್ಲ, ಅದು ನನಗೆ ಗೊತ್ತು. ಬೇರೆ ಏನೋ ಇರುತ್ತದೆ. ಕೆಸರಿನಲ್ಲಿ ಒಂದೇ ಕಾಲಿನ ಚಪ್ಪಲಿ ಗುರುತು, ಗೋಡೆಯ ಮೊಳೆಗೆ ಸಿಕ್ಕಿಸಿದ ಕೊಟ್ಟೆ, ಎತ್ತರಕ್ಕೆ ಸುಣ್ಣದಲ್ಲಿ ಎಳೆದ ಗೆರೆ. ನಿಜಕ್ಕೂ ಏನೂ ಸಿಗದಿದ್ದರೆ ಫೋಟೋದ ಅಂಚು ನೋಡಿ. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ವಸ್ತು ಇದ್ದೇ ಇರುತ್ತದೆ, ಅದರ ಉಳಿದರ್ಧ ನಿಮ್ಮ ಕೈಯಲ್ಲಿದೆ. ಕಟ್ಟೆಯ ಮೇಲೆ ಮರೆತುಹೋದ ಕೊಡೆ ಇದ್ದರೆ ಮಾತ್ರ ಸ್ವಲ್ಪ ದೂರ ಇರಿ. ಆ ಕೊಡೆಯ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ.

## ಹಂತ 3: ಫೋಟೋವನ್ನು ಗೆರೆಯ ಮೇಲೆ ಇಡಿ

ಈಗ ಹಾಳೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಅದು ಕಥೆಯ ಹೊತ್ತು. ನಿಮ್ಮ ಫೋಟೋ ಆ ಗೆರೆಯ ಮೇಲೆ ಎಲ್ಲಿ ಬರುತ್ತದೆ, ಅಲ್ಲಿ ಒಂದು ಚುಕ್ಕಿ ಇಡಿ.

ಹೆಚ್ಚಿನವರು ಚುಕ್ಕಿಯನ್ನು ಶುರುವಿನಲ್ಲೇ ಇಡುತ್ತಾರೆ. ‘ಅದೊಂದು ಮಳೆಯ ದಿನ. ಬಸ್ ಸ್ಟಾಪು ಖಾಲಿಯಾಗಿತ್ತು’ ಎಂದು ಶುರು. ತೊಂದರೆ ಏನೆಂದರೆ, ಯಾರೂ ಇಲ್ಲದ ಜಾಗದಲ್ಲಿ ಏನೂ ಆಗುವುದಿಲ್ಲ. ಹಾಗಾಗಿ ಬರೆಯುವವರು ಮಳೆಯನ್ನು ವರ್ಣಿಸುತ್ತಾ ಯಾರಾದರೂ ಬರಲಿ ಎಂದು ತಾವೇ ಕಾಯುತ್ತಾರೆ. ಎರಡು ಪುಟ ಮಳೆ ಬರುವುದು ಹಾಗೆ.

ಬಸ್ ಸ್ಟಾಪು ಖಾಲಿ ಇದೆ ಅಂದರೆ ಎರಡರಲ್ಲಿ ಒಂದು. ಯಾರೋ ಈಗಷ್ಟೇ ಹೋದರು, ಇಲ್ಲವೇ ಯಾರೋ ಇನ್ನೂ ಬಂದಿಲ್ಲ. ಎರಡನೆಯದು ಮಕ್ಕಳ ಕಥೆಗೆ ಕಷ್ಟ, ಅದರಲ್ಲಿ ಕಾಯುವುದೇ ಜಾಸ್ತಿ. ಮೊದಲನೆಯದಾದರೆ ಎಲ್ಲ ಗಲಾಟೆಯೂ ಫೋಟೋಕ್ಕೆ ಮೊದಲೇ ಆಗಿಹೋಗಿರುತ್ತದೆ. ಆಗ ಖಾಲಿ ಬಸ್ ಸ್ಟಾಪು ಕಥೆಯ ಕೊನೆಯ ಚಿತ್ರವಾಗುತ್ತದೆ. ನಮ್ಮ ಒಣ ಜಾಗ ಇದನ್ನೇ ಹೇಳುತ್ತಿದೆ: ಬಸ್ಸು ಈಗಷ್ಟೇ ಹೋಯಿತು. ಚುಕ್ಕಿ ಗೆರೆಯ ಬಲತುದಿಗೆ ಬಂತು.

ಚುಕ್ಕಿಯ ಆಚೆಗೂ ಒಂದು ಚೂರು ಗೆರೆ ಉಳಿಸಿಕೊಳ್ಳಿ. ಅದು ಕೊನೆಯಲ್ಲಿ ಬೇಕಾಗುತ್ತದೆ.

## ಹಂತ 4: ಯಾರು, ಅವರಿಗೆ ಏನು ಬೇಕು

ಒಣ ಜಾಗದಲ್ಲಿ ಏನಿತ್ತು? ಕನಿಷ್ಠ ಮೂರು ಉತ್ತರ ಬರೆಯಿರಿ, ಮೊದಲನೆಯದನ್ನು ನಂಬಬೇಡಿ. ನನ್ನ ಮೊದಲ ಉತ್ತರ ಮುದುಡಿ ಮಲಗಿದ್ದ ನಾಯಿಮರಿ. ಸುಲಭ, ಮುದ್ದು. ಆದರೆ ನಾಯಿಮರಿ ಬಂದ ಕೂಡಲೇ ಕಥೆ ‘ಪಾಪ, ಅದಕ್ಕೆ ಯಾರೂ ಇಲ್ಲ’ ಕಡೆಗೆ ಜಾರಿತು. ಎರಡನೆಯದು ಶಾಲೆಯ ಚೀಲ. ಚೀಲ ಮರೆತುಹೋಯಿತು, ಹುಡುಕಿದರು, ಸಿಕ್ಕಿತು. ಅದರಲ್ಲಿ ಮುಂದೇನು ಎಂದು ಕೇಳುವಂಥದ್ದೇ ಇಲ್ಲ. ಮೂರನೆಯದು ಹಲಸಿನ ಹಣ್ಣು.

ಹಲಸಿನ ಹಣ್ಣು ಎಲ್ಲಕ್ಕೂ ಹೊಂದುತ್ತದೆ. ಆಕಾರ ಹೊಂದುತ್ತದೆ. ಒಮ್ಮೆ ಇಟ್ಟರೆ ಮತ್ತೆ ಎತ್ತಿ ಸರಿಸಲು ಮನಸ್ಸಾಗದಷ್ಟು ಭಾರ, ಹಾಗಾಗಿ ಮಳೆ ಬಂದರೂ ಅಲ್ಲೇ ಉಳಿಯುತ್ತದೆ. ಜೂನಿನಲ್ಲಿ ಹಣ್ಣೂ ಇರುತ್ತದೆ, ಮಳೆಯೂ ಇರುತ್ತದೆ. ಘಟ್ಟದ ಮೇಲಿನವರು ಕೆಳಗಿನ ನೆಂಟರಿಗೆ ಹಣ್ಣು ಒಯ್ಯುವುದು ದಿನಾ ನೋಡುವ ಸಂಗತಿ. ಮತ್ತೆ ಹಣ್ಣು ಆರಾಮಾಗಿ ಕೂತು ಮನುಷ್ಯರು ನಿಂತಿರುವುದು ಮಗುವಿಗೆ ತಾನಾಗಿಯೇ ತಮಾಷೆ.

ಈಗ ಮನುಷ್ಯರು. ಇಬ್ಬರು ಸಾಕು, ಒಬ್ಬಳು ಅಜ್ಜಿ, ಒಬ್ಬಳು ಮೊಮ್ಮಗಳು. ಹುಡುಗಿಗೆ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಸಿರಿಗೆ ತಾನೇ ಆರಿಸಿದ ಹಣ್ಣನ್ನು ಕುಮಟೆಯ ಚಿಕ್ಕಿಗೆ ಮುಟ್ಟಿಸಬೇಕು.’ ಆ ವಾಕ್ಯದಲ್ಲಿ ‘ಪ್ರೀತಿ’, ‘ನೆಮ್ಮದಿ’, ‘ಸ್ವಾತಂತ್ರ್ಯ’ ಎಂಬ ಪದ ಬಂದರೆ ಮಗುವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೈಯಲ್ಲಿ ಮುಟ್ಟಬಹುದಾದ ಆಸೆ ಇರಲಿ.

## ಹಂತ 5: ತೊಡಕು ಆ ಊರಿನದೇ ಆಗಿರಲಿ

ಇದು ಅತಿ ಹೆಚ್ಚು ಜನ ಸೋಲುವ ಹಂತ. ತೊಡಕು ಬೇಕು ಎಂದು ಗೊತ್ತು, ಹಾಗಾಗಿ ಮರ ಬೀಳಿಸುತ್ತಾರೆ, ಗುಡ್ಡ ಕುಸಿಸುತ್ತಾರೆ, ಕಳ್ಳನನ್ನು ಕರೆಸುತ್ತಾರೆ. ಇಷ್ಟು ಪುಟ್ಟ ಕಥೆಗೆ ಗುಡ್ಡ ಕುಸಿದರೆ ಮತ್ತೆ ಎಬ್ಬಿಸುವವರು ಯಾರು? ಅದಲ್ಲದೆ ನಮ್ಮ ಜಿಲ್ಲೆಯ ಮಕ್ಕಳಿಗೆ ಗುಡ್ಡ ಕುಸಿಯುವುದು ಆಟದ ಮಾತಲ್ಲ.

ತೊಡಕನ್ನು ಆ ಜಾಗದಿಂದಲೇ ಎತ್ತಿ. ಬಸ್ ಸ್ಟಾಪಿಗೆ ಬಸ್ಸು ಬರುತ್ತದೆ, ಬಸ್ಸಿನಲ್ಲಿ ಕಂಡಕ್ಟರ್ ಇರುತ್ತಾರೆ, ಕಂಡಕ್ಟರ್ ಟಿಕೆಟ್ ಕೇಳುತ್ತಾರೆ. ಮೊದಲ ಕರಡಿನಲ್ಲಿ ನಾನು ಅಜ್ಜಿಯ ಸೆರಗಿನ ಗಂಟಿನಿಂದ ಚಿಲ್ಲರೆ ತೆಗೆಸಿದ್ದೆ. ಕೇಳುತ್ತಿದ್ದ ಹುಡುಗಿ ಕೂಡಲೇ ತಡೆದಳು. “ಅಜ್ಜಿಗೆ ಯಾಕೆ ದುಡ್ಡು? ಫ್ರೀ ಅಲ್ವಾ?” ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಝೀರೋ ಟಿಕೆಟ್. ನಾನು ನನ್ನ ಬಾಲ್ಯದ ಅಜ್ಜಿಯನ್ನು ಈಗಿನ ಬಸ್ಸಿಗೆ ಹತ್ತಿಸಿದ್ದೆ. ದೊಡ್ಡವರು ಬರೆಯುವ ಮಕ್ಕಳ ಕಥೆಯಲ್ಲಿ ಈ ತಪ್ಪು ಸದಾ ನುಸುಳುತ್ತದೆ. ಅಂಚೆ ಕಾರ್ಡು, ಹತ್ತು ಪೈಸೆ ಪೆಪ್ಪರಮಿಂಟು, ಸೀಮೆ‌ಎಣ್ಣೆ ದೀಪ. ನಿಮ್ಮ ಪಟ್ಟಿಯಲ್ಲಿ ಇಲ್ಲದ, ನಿಮ್ಮ ನೆನಪಿನಲ್ಲಿ ಮಾತ್ರ ಇರುವ ವಸ್ತು ಕಥೆಗೆ ಬಂದರೆ ಅದನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸಿ.

ಆ ತಪ್ಪೇ ತೊಡಕು ಕೊಟ್ಟಿತು. ಅಜ್ಜಿಗೆ ಫ್ರೀ, ಸಿರಿಗೂ ಫ್ರೀ. ಹಣ್ಣಿಗೆ? ತಮಾಷೆಯ ಕಂಡಕ್ಟರ್ ಒಬ್ಬರು “ಇದು ಗಂಡೋ, ಹೆಣ್ಣೋ?” ಎಂದು ಕೇಳಿಬಿಟ್ಟರೆ? ಹಣ್ಣು, ಹೆಣ್ಣು ಎಂಬ ಎರಡು ಪದ ಒಂದೇ ಒಂದು ಸ್ವರದಷ್ಟು ದೂರದಲ್ಲಿವೆ. ಕನ್ನಡ ತಾನಾಗಿ ಕೊಟ್ಟದ್ದು ಇದು, ನಾನು ಕಟ್ಟಿದ್ದಲ್ಲ. ಯೋಜನೆ ಮುಂದೊಂದು ದಿನ ಬದಲಾದರೆ ಕಥೆ ಹಳತಾಗುತ್ತದೆ, ಅದು ಹೌದು. ಈಗಿನ ಮಗುವಿಗೆ ಈಗ ನಗು ಬರಲಿ ಎಂದು ಆ ನಷ್ಟವನ್ನು ನಾನು ಒಪ್ಪಿಕೊಂಡೆ.

ತೊಡಕನ್ನು ಬಿಡಿಸುವುದು ಮಗುವೇ ಆಗಿರಬೇಕು. ಪಕ್ಕದ ಸೀಟಿನ ಮಾಸ್ತರರು ದುಡ್ಡು ಕೊಟ್ಟು ಕಾಪಾಡಿದರೆ ಸಿರಿ ಕಥೆಯಲ್ಲಿ ಬರೀ ಸಾಮಾನು. ಹಾಗೆ ಬಿಡಿಸಲು ಬೇಕಾದ ಸಂಗತಿ ಮೊದಲೇ ಒಂದು ಕಡೆ ಬಂದಿರಬೇಕು. ಹಣ್ಣನ್ನು ಆರಿಸುವಾಗ ಸಿರಿ ಬಡಿದು ಕಿವಿಯಿಟ್ಟು ಕೇಳುತ್ತಾಳೆ, ಕೊನೆಗೂ ಕಿವಿಯಿಟ್ಟೇ ಉತ್ತರ ಹೇಳುತ್ತಾಳೆ. ಕಾಯಿ ಬಡಿದರೆ ಗಟ್ಟಿ ಸದ್ದು, ಹಣ್ಣಾದದ್ದು ಡಬ್ ಎನ್ನುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದು ಗೊತ್ತು. ಗೊತ್ತಿಲ್ಲದವರು ಇಲ್ಲೇ ಕಲಿಯುತ್ತಾರೆ.

## ಹಂತ 6: ಕರಡು, ಮತ್ತು ಮಳೆಗೆ ಹಾಕುವ ಬೇಲಿ

ಒಂದೇ ಸಲ ಕೂತು ಬರೆದುಬಿಡಿ. ಕನ್ನಡದ ಪದಗಳು ಉದ್ದ, ಹಾಗಾಗಿ 200ರಿಂದ 250 ಪದ ಸಾಕು. ಅದಕ್ಕಿಂತ ಮೇಲೆ ಹೋದರೆ ಆರು ವರ್ಷದ ಮಗು ನಿಮ್ಮ ಮಂಡಿಯಿಂದ ಇಳಿಯುತ್ತದೆ. ಮಗು ತಾನೇ ಓದಬೇಕಾದರೆ, ಅಂದರೆ ನಲಿ-ಕಲಿಯ 1ರಿಂದ 3ನೇ ತರಗತಿಯ ಮಕ್ಕಳಾದರೆ, ಒತ್ತಕ್ಷರ ತುಂಬಿದ ಪದಗಳನ್ನು ಒಂದರ ಹಿಂದೆ ಒಂದು ಇಡಬೇಡಿ. ಓದಿ ಹೇಳುವ ಕಥೆಗೆ ಆ ಕಟ್ಟು ಬೇಡ.

ಮಳೆಗೆ ನಾನು ನಾಲ್ಕು ವಾಕ್ಯದ ಬೇಲಿ ಹಾಕುತ್ತೇನೆ. ಅದರಲ್ಲೂ ಮಳೆ ಏನು ಮಾಡಿತು ಎಂದು ಹೇಳಬೇಕು, ಹೇಗಿತ್ತು ಎಂದಲ್ಲ. ‘ಆಕಾಶವೇ ಹರಿದು ಬಿದ್ದಂತೆ’ ಬೇಡ. ‘ಎರಚಲು ಒಳಗೆ ಬಂತು, ಅಜ್ಜಿ ಮೂಲೆಗೆ ಸರಿದಳು’ ಬೇಕು. ಉಳಿದ ಮಳೆಯನ್ನು ಸದ್ದು ನೋಡಿಕೊಳ್ಳುತ್ತದೆ. ಪಟ್, ಪಟಪಟ, ಧೋ. ಮೂರು ಪದದಲ್ಲಿ ಮಳೆ ಬೆಳೆದುಬಿಟ್ಟಿತು. ಆದರೆ ಸದ್ದಿನ ಪದವನ್ನು ಉಪ್ಪಿನ ಹಾಗೆ ಹಾಕಿ. ಪ್ರತಿ ಸಾಲಿಗೂ ಟಪಟಪ ಬಂದರೆ ಮಗು ಕಥೆ ಬಿಟ್ಟು ಸದ್ದನ್ನೇ ಆಡಲು ಶುರು ಮಾಡುತ್ತದೆ.

ನನ್ನ ಮೊದಲ ಕರಡಿನಲ್ಲಿ ಇನ್ನೊಂದು ದೊಡ್ಡ ತಪ್ಪಿತ್ತು. ಟಿಕೆಟ್ ಮಾತೆಲ್ಲ ಬಸ್ಸು ಹೊರಟ ಮೇಲೆ, ಬಸ್ಸಿನ ಒಳಗೆ ನಡೆಯುತ್ತಿತ್ತು. ಓದುವಾಗ ಚೆನ್ನಾಗಿತ್ತು. ಆದರೆ ಕೊನೆಗೆ ಬಸ್ ಸ್ಟಾಪಿಗೆ ವಾಪಸ್ ಬರಬೇಕಲ್ಲ? ಅಷ್ಟರಲ್ಲಿ ಬಸ್ಸು ಘಟ್ಟ ಇಳಿಯುತ್ತಿತ್ತು, ಒಣ ಜಾಗ ಎಂದೋ ಒದ್ದೆಯಾಗಿರುತ್ತಿತ್ತು. ಮೂರನೇ ಹಂತದ ಗೆರೆಯನ್ನು ಮತ್ತೆ ನೋಡಿದಾಗ ಸಿಕ್ಕಿಬಿದ್ದೆ. ಮಾತನ್ನು ಬಸ್ಸಿನ ಬಾಗಿಲಿಗೆ ತಂದೆ. ಬಸ್ಸು ನಿಂತಿದೆ, ಮಳೆ ಹೊಡೆಯುತ್ತಿದೆ, ಹತ್ತುವುದೋ ಬಿಡುವುದೋ ಗೊತ್ತಿಲ್ಲ. ಬಿಸಿ ತಾನಾಗಿ ಏರಿತು. ಕಥೆ ಕೊನೆಯಲ್ಲಿ ಹಿಂದೆ ಓಡಬೇಕಾದರೆ ಮುಖ್ಯವಾದ ಮಾತು ತಪ್ಪು ಜಾಗದಲ್ಲಿ ನಡೆದಿದೆ ಎಂದು ತಿಳಿಯಿರಿ.

ತಿದ್ದಿದ ಮೇಲೆ ಕಥೆ ಹೀಗಾಯಿತು.

ಹಣ್ಣಿಗೆ ಸೀಟು

ಕಟ್ಟೆಯ ಮೇಲೆ ಹಲಸಿನ ಹಣ್ಣು ಕೂತಿತ್ತು.
ಅಜ್ಜಿ ನಿಂತಿದ್ದಳು. ಸಿರಿಯೂ ನಿಂತಿದ್ದಳು.

“ಅಜ್ಜಿ, ನೀನೂ ಕೂತ್ಕೋ.”

“ನಾ ಕೂತರೆ ಎಬ್ಬಿಸೋರು ಯಾರು ಕೂಸೇ? ನನ್ನ ಮೊಣಕಾಲಿಗೆ ಬಸ್ಸು ಕಾಯ್ತದಾ?”

ಹಣ್ಣನ್ನು ಆರಿಸಿದ್ದು ಸಿರಿ. ತೋಟದಲ್ಲಿ ಆರು ಹಲಸನ್ನು ಬಡಿದು, ಕಿವಿಯಿಟ್ಟು ಕೇಳಿದ್ದಳು. ಐದು ಟಕ್ ಟಕ್ ಅಂದವು. ಒಂದು ಡಬ್ ಡಬ್ ಅಂತು. ಅದೇ ಇದು. ಕುಮಟೆಯ ಚಿಕ್ಕಿಗೆ.

ಪಟ್. ಪಟಪಟ. ಧೋ!
ಎರಚಲು ಒಳಗೇ ಬಂತು. ಅಜ್ಜಿ ಮೂಲೆಗೆ ಸರಿದಳು. ಸಿರಿಯೂ ಸರಿದಳು. ಹಣ್ಣು ಸರಿಯಲಿಲ್ಲ. ಅದಕ್ಕೆ ಮೈತುಂಬ ಮುಳ್ಳಿನ ಅಂಗಿ ಇತ್ತು.

“ಅಜ್ಜಿ, ದುಡ್ಡು ತಂದಿದ್ದೀಯಾ?”

“ದುಡ್ಡೆಂತಕ್ಕೆ? ನಂಗೂ ಫ್ರೀ, ನಿಂಗೂ ಫ್ರೀ.” ಅಜ್ಜಿ ಪ್ಲಾಸ್ಟಿಕ್ ಕೊಟ್ಟೆ ಬಿಚ್ಚಿದಳು. ಒಂದು ಆಧಾರ್ ಕಾರ್ಡು ಅಜ್ಜಿಯದು. ಒಂದು ಸಿರಿಯದು.

ಸಿರಿ ಕೊಟ್ಟೆಯೊಳಗೆ ಇಣುಕಿದಳು. ಮೂರನೆಯದು ಇರಲಿಲ್ಲ.
“ಹಣ್ಣಿಗೆ?”

ಪೋಂ ಪೋಂ! ಬಸ್ಸು ಬಂದೇಬಿಟ್ಟಿತು.

ಅಜ್ಜಿ ಒಂದು ಕಡೆ ಹಿಡಿದಳು. ಸಿರಿ ಇನ್ನೊಂದು ಕಡೆ ಹಿಡಿದಳು. ಹೊತ್ತುಕೊಂಡು ಬಾಗಿಲಿಗೆ ಬಂದರು. ಬಾಗಿಲಲ್ಲಿ ಕಂಡಕ್ಟರ್ ಮಾಮ.

ಅಜ್ಜಿ ಕಾರ್ಡು ತೋರಿಸಿದಳು. “ಝೀರೋ ಟಿಕೆಟ್. ಹತ್ತಿ ಅಮ್ಮಾ.”
ಸಿರಿ ಕಾರ್ಡು ತೋರಿಸಿದಳು. “ಝೀರೋ ಟಿಕೆಟ್. ಹತ್ತು ಪುಟ್ಟಿ.”
ಆಮೇಲೆ ಮಾಮ ಹಣ್ಣನ್ನು ನೋಡಿದರು. ಮೂಗು ಅರಳಿಸಿದರು.
“ಇವರು ಗಂಡೋ, ಹೆಣ್ಣೋ? ಗಂಡಾದರೆ ಟಿಕೆಟ್ ತಗೋಬೇಕು.”

ಸಿರಿಯ ಎದೆ ಡಬ್ ಡಬ್ ಅಂತು.
ಅವಳು ಹಣ್ಣಿಗೆ ಕಿವಿಯಿಟ್ಟಳು. ಕೇಳಿದಳು. ಮತ್ತೂ ಕೇಳಿದಳು.

“ಹೆಣ್ಣು!”

“ಹೇಗೆ ಗೊತ್ತು?”

“ಹೊಟ್ಟೆ ತುಂಬ ಮರಿಗಳಿವೆ!”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಮಾಮ ಬಗ್ಗಿ ಹಣ್ಣನ್ನು ಎತ್ತಿಕೊಂಡರು. “ಬನ್ನಿ ಅಮ್ಮಾ, ಬನ್ನಿ. ಜೋಪಾನ, ಬಸುರಿ ಹೆಂಗಸು. ಸೀಟು ಬಿಡ್ರೋ! ರೈಟ್!”

ಬಸ್ಸು ಹೋಯಿತು.
ಕಟ್ಟೆಯೆಲ್ಲ ಒದ್ದೆ. ಹಣ್ಣು ಕೂತಿದ್ದ ಜಾಗ ಮಾತ್ರ ಒಣ.

ಒಂದು ಕಪ್ಪೆ ಹಾರಿ ಬಂತು. ಒಣ ಜಾಗ ನೋಡಿತು.
“ಛೀ” ಅಂತು.
ಪಕ್ಕದ ಒದ್ದೆಯಲ್ಲಿ ಕೂತುಕೊಂಡಿತು.

## ಹಂತ 7: ಕೊನೆಯನ್ನು ಫೋಟೋದಿಂದ ಒಂದು ಹೆಜ್ಜೆ ಆಚೆ ಇಡಿ

‘ಕಟ್ಟೆಯೆಲ್ಲ ಒದ್ದೆ’ ಎಂಬ ಸಾಲಿಗೆ ನಮ್ಮ ಫೋಟೋ ಬಂದಿತು. ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಿ ನೋಡಿದೆ, ದೊಡ್ಡವರಿಗೆ ಹಿಡಿಸಿತು, ಮಕ್ಕಳು “ಆಮೇಲೆ?” ಎಂದು ಕೇಳಿದರು. ಖಾಲಿ ಜಾಗದಲ್ಲಿ ನಿಲ್ಲಿಸಿದರೆ ದೊಡ್ಡವರಿಗೆ ಅದು ಮುಗಿದ ಹಾಗೆ, ಮಗುವಿಗೆ ಅರ್ಧಕ್ಕೆ ಬಿಟ್ಟ ಹಾಗೆ. ಚುಕ್ಕಿಯ ಆಚೆ ಉಳಿಸಿಕೊಂಡ ಗೆರೆ ಈಗ ಬೇಕಾಯಿತು. ಕಪ್ಪೆ ಬಂದದ್ದು ಅಲ್ಲಿಗೆ.

ಯಾವುದೇ ಪ್ರಾಣಿ ಆಗಬಹುದಿತ್ತು ಎಂದಲ್ಲ. ನಾಯಿ ಬಂದಿದ್ದರೆ ಒಣ ಜಾಗದಲ್ಲಿ ಮಲಗುತ್ತಿತ್ತು, ಅದು ಎಲ್ಲರೂ ಊಹಿಸುವಂಥದ್ದು. ಕಪ್ಪೆಗೆ ಒದ್ದೆಯೇ ಬೇಕು. ಕಥೆಯ ಉದ್ದಕ್ಕೂ ಎಲ್ಲರೂ ಒದ್ದೆಯಿಂದ ತಪ್ಪಿಸಿಕೊಳ್ಳುತ್ತಿದ್ದರು, ಕೊನೆಗೆ ಬಂದವನು ಒದ್ದೆಯನ್ನೇ ಹುಡುಕಿಕೊಂಡು ಬಂದ. ನಿಮ್ಮ ಕೊನೆಯ ಸಾಲಿಗೂ ಇದೇ ಪರೀಕ್ಷೆ ಮಾಡಿ. ಕಥೆಯಲ್ಲಿ ಎಲ್ಲರೂ ಬಯಸಿದ್ದನ್ನು ಬೇಡ ಅನ್ನುವವರು ಯಾರಾದರೂ ಆ ಜಾಗದಲ್ಲಿದ್ದಾರಾ?

ನೀತಿಯ ಸಾಲು ಬರೆಯಲು ಕೈ ತುರಿಸಿದರೆ ಬರೆದುಬಿಡಿ, ಆಮೇಲೆ ಕತ್ತರಿಯಲ್ಲಿ ಕತ್ತರಿಸಿ. ನನ್ನದೂ ಇತ್ತು: ‘ಜಾಣತನವಿದ್ದರೆ ಎಲ್ಲಿಯೂ ಗೆಲ್ಲಬಹುದು ಎಂದು ಅಜ್ಜಿ ಬೆನ್ನು ತಟ್ಟಿದಳು.’ ಅದು ಇದ್ದಾಗ ಬಸ್ಸಿನ ನಗುವೆಲ್ಲ ಒಣಗಿಹೋಗುತ್ತಿತ್ತು.

## ಹಂತ 8: ಮಗುವಿನ ಮುಂದೆ ಗಟ್ಟಿಯಾಗಿ ಓದಿ

ಚಿತ್ರ ತೋರಿಸದೆ, ಅಭಿನಯ ಮಾಡದೆ ಸುಮ್ನೆ ಓದಿ. ಅಭಿನಯ ಮಾಡಿದರೆ ಕೆಟ್ಟ ಕಥೆಯೂ ಪಾಸಾಗುತ್ತದೆ. ಪೆನ್ಸಿಲ್ ಕೈಯಲ್ಲಿರಲಿ. ಮಗುವಿನ ಕಣ್ಣು ನಿಮ್ಮ ಮುಖದಿಂದ ಬೇರೆ ಕಡೆ ಹೋದ ಸಾಲಿನ ಪಕ್ಕ ಒಂದು ಗೀಟು ಹಾಕಿ. ಕೇಳಬೇಡಿ, “ಚೆನ್ನಾಗಿದೆಯಾ?” ಅಂತ. ಹೌದು ಎಂದೇ ಹೇಳುತ್ತದೆ.

ಮಗು ನಡುವೆ ಕೇಳುವ ಪ್ರಶ್ನೆಗಳಲ್ಲಿ ಎರಡು ಜಾತಿ. “ಆಮೇಲೆ ಏನಾಯ್ತು?” ಎಂದರೆ ಮುಂದೆ ಹೋಗಿ. “ಯಾರು ಹೇಳಿದ್ದು?” ಎಂದರೆ ನಿಲ್ಲಿ, ಅಲ್ಲಿ ಮಾತು ಯಾರದು ಎಂದು ತಿಳಿಯುತ್ತಿಲ್ಲ, ತಿದ್ದಬೇಕು. ನನ್ನ ಕಥೆಯಲ್ಲಿ ಆಧಾರ್ ಕಾರ್ಡಿನ ಸಾಲಿಗೆ ಗೀಟು ಬಿತ್ತು. ಮೊದಲು ಅಲ್ಲಿ ಅಜ್ಜಿ ಶಕ್ತಿ ಯೋಜನೆಯನ್ನು ಮೂರು ವಾಕ್ಯದಲ್ಲಿ ವಿವರಿಸುತ್ತಿದ್ದಳು. ಬಸ್ಸು ಹತ್ತುವ ಮಗುವಿಗೆ ಅದು ಗೊತ್ತು, ಗೊತ್ತಿಲ್ಲದ ಮಗುವಿಗೆ ‘ಫ್ರೀ’ ಎಂಬ ಪದ ಸಾಕು. ಮೂರೂ ವಾಕ್ಯ ಹೋದವು.

ಇನ್ನೊಂದು ಗೀಟು ನಾನು ನಿರೀಕ್ಷಿಸದ ಕಡೆ ಬಿತ್ತು. ಕರಾವಳಿಯ ಕಡೆಯ ಒಬ್ಬ ಹುಡುಗ, ಕಾರವಾರದಿಂದ ರಜೆಗೆ ಬಂದವನು, ‘ಮರಿಗಳಿವೆ’ ಎಂಬಲ್ಲಿ ಹಣೆ ಗಂಟು ಹಾಕಿದ. “ಹಲಸಿಗೆ ಬೀಜ ಇರುತ್ತೆ, ಮರಿ ಅಲ್ಲ.” ಎರಡು ಕ್ಷಣ ಬಿಟ್ಟು ತಾನೇ ನಕ್ಕ. ಆ ಸಾಲನ್ನು ತಿದ್ದಬೇಕೋ ಬೇಡವೋ ಎಂದು ಸುಮಾರು ಹೊತ್ತು ಯೋಚಿಸಿದೆ. ‘ಹೊಟ್ಟೆ ತುಂಬ ಬೀಜ’ ಎಂದು ಬರೆದರೆ ಸರಿಯಾಗುತ್ತದೆ, ನಗು ಹೋಗುತ್ತದೆ. ಬಿಟ್ಟೆ. ಗೀಟಿನ ಪಕ್ಕ ‘ಎರಡು ಕ್ಷಣ’ ಎಂದು ಬರೆದುಕೊಂಡೆ. ಈಗ ಓದುವಾಗ ಆ ಸಾಲಿನ ನಂತರ ಅಷ್ಟು ಹೊತ್ತು ನಿಲ್ಲಿಸಿ, ಆಮೇಲೆ ಬಸ್ಸನ್ನು ನಗಿಸುತ್ತೇನೆ.